ಮೂರನೇ ಮಹಡಿಯ ಹಬೀಬಿ

ಹಾಯ್ಸ್ಟಿನ ಕಬ್ಬಿಣದ ಬಾಗಿಲು ಕರಕರ ಸದ್ದು ಮಾಡಿ ತೆರೆಯುತ್ತದೆ. ಮೂರನೇ ಮಹಡಿ. ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳಿ, ಕಂಬಿಯ ಜಾಲರಿಯ ಮೇಲೆ ಹೆಜ್ಜೆ ನೋಡಿಕೊಂಡು ಇಡಿ. ಇದು ದುಬೈಯ ಜುಮೇರಾ ವಿಲೇಜ್ ಸರ್ಕಲ್. ಜುಲೈ ತಿಂಗಳು, ಸಂಜೆ ನಾಲ್ಕೂವರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ ಇಲ್ಲಿ. ಆ ಬಿಡುವು ಮುಗಿದು ಒಂದೂವರೆ ಗಂಟೆಯಾಯಿತು. ಆದರೂ ಕಂಬಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಅಂಟುತ್ತದೆ.

ಮೊದಲು ಕಿವಿಗೆ ಬೀಳುವುದು ಆ ಪದ.

"ಯಲ್ಲಾ ಯಲ್ಲಾ ಯಲ್ಲಾ!"

ಕೂಗುತ್ತಿರುವವರು ಫೋರ್‌ಮನ್. ತ್ರಿಶೂರಿನ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಕೂಗಿಸಿಕೊಳ್ಳುತ್ತಿರುವವರು ಬಿಹಾರದ ಕಂಬಿ ಕಟ್ಟುವ ಹುಡುಗರು, ಕರೀಂನಗರದ ಇಬ್ಬರು ಸೆಂಟ್ರಿಂಗಿನವರು, ಮೂಲೆಯಲ್ಲಿ ಪಂಪಿನ ಪೈಪು ಜೋಡಿಸುತ್ತಿರುವ ಪೇಶಾವರದ ಪಠಾಣ. ಈ ಮಹಡಿಯಲ್ಲಿ ಈ ಹೊತ್ತು ಅರಬ್ಬರು ಒಬ್ಬರೂ ಇಲ್ಲ. ಆದರೂ ಎಲ್ಲರಿಗೂ ತಿಳಿಯುವ ಪದ ಇದೊಂದೇ. "ಯಾ ಅಲ್ಲಾಹ್" ಎಂಬುದು ಬಾಯಿಂದ ಬಾಯಿಗೆ ಸವೆದು "ಯಲ್ಲಾ" ಆಯಿತು ಎನ್ನುತ್ತಾರೆ. ದೇವರ ಹೆಸರು ಒಳಗಿದೆ ಎಂಬುದನ್ನು ಹೇಳುವವರೂ ಕೇಳುವವರೂ ನೆನೆಯುವುದಿಲ್ಲ. ನಮ್ಮಲ್ಲಿ ಭಾರ ಎತ್ತುವಾಗ "ಅಯ್ಯಪ್ಪಾ" ಎನ್ನುವವರಿಗೆ ಶಬರಿಮಲೆ ನೆನಪಾಗುತ್ತದೆಯೇ?

ಒಂದು ನಿಮಿಷ ಸುಮ್ಮನೆ ನಿಂತು ಕೇಳಿ. ಫೋರ್‌ಮನ್ ಮೂರು ಸಲ ಒಂದರ ಬೆನ್ನಿಗೊಂದು ಗಿಡ್ಡಕ್ಕೆ ಹೊಡೆದರೆ, ಅದು ಅವಸರ. ಹುಡುಗರು ತಲೆ ಎತ್ತುವುದಿಲ್ಲ, ಕೈ ಮಾತ್ರ ಚುರುಕಾಗುತ್ತದೆ. ಈಗ ನೋಡಿ, ಅವರು ಒಬ್ಬನ ಹತ್ತಿರ ಹೋಗಿ, ಅವನು ಎತ್ತಿದ ಕಂಬಿಯ ಇನ್ನೊಂದು ತುದಿಗೆ ಕೈ ಹಾಕಿ, "ಯಲ್ಲಾ..." ಎಂದರು, ಒಂದೇ ಸಲ, ಕೊನೆಯ ದೀರ್ಘವನ್ನು ಎಳೆದು. ಅದು "ಹ್ಞಾಂ, ಎತ್ತುವ" ಎಂದ ಹಾಗೆ. ಪದ ಒಂದೇ. ಮೊದಲನೆಯದು ಬೆನ್ನಿಗೆ ಬೀಳುತ್ತದೆ, ಎರಡನೆಯದು ಹೆಗಲು ಕೊಡುತ್ತದೆ.

ರಾತ್ರಿ ಒಂಬತ್ತಕ್ಕೆ ಈ ಸ್ಲ್ಯಾಬಿಗೆ ಕಾಂಕ್ರೀಟು ಬೀಳಬೇಕು. 180 ಘನ ಮೀಟರ್, ಗಾಡಿಗೆ ಒಂಬತ್ತರಂತೆ ಇಪ್ಪತ್ತು ಟ್ರಾನ್ಸಿಟ್ ಮಿಕ್ಸರ್. ಬೇಸಿಗೆಯಲ್ಲಿ ಇಲ್ಲಿ ದೊಡ್ಡ ಸ್ಲ್ಯಾಬೆಲ್ಲ ರಾತ್ರಿಯೇ. ಹಗಲಲ್ಲಿ ಗಾಡಿಯೊಳಗಿನ ಕಾಂಕ್ರೀಟು ಕಾದು ಬೇಗ ಬಿಗಿಯುತ್ತದೆ. ನಮ್ಮ ಕರಾರಿನಲ್ಲಿ 32 ಡಿಗ್ರಿ ದಾಟಿದ ಕಾಂಕ್ರೀಟು ಇಳಿಸುವಂತಿಲ್ಲ. ಆದರೆ ಅದಕ್ಕೂ ಮೊದಲು ಕನ್ಸಲ್ಟೆಂಟ್ ಕಡೆಯ ಇನ್ಸ್‌ಪೆಕ್ಟರ್ ಬಂದು ಕಂಬಿ ನೋಡಿ ಸಹಿ ಹಾಕಬೇಕು. ಅಗೋ, ಹಾಯ್ಸ್ಟು ಮತ್ತೆ ಮೇಲೆ ಬರುತ್ತಿದೆ.

ಇಳಿದವರು ಈಜಿಪ್ಟಿನವರು. ಮನ್ಸೂರಾ ಊರು. ಅಗಲ ಎದೆ, ನರೆತ ಮೀಸೆ, ಕೈಯಲ್ಲಿ ಐದು ಮೀಟರಿನ ಟೇಪು. ನನ್ನನ್ನು ಕಂಡೊಡನೆ ದೊಡ್ಡ ದನಿ.

"ಯಾ ಹಂದಸಾ! ಇಝ್ಝಯ್ಯಕ್, ಯಾ ಹಬೀಬಿ?"

ಹಂದಸಾ ಎಂದರೆ ಎಂಜಿನಿಯರಿಂಗ್. ಈಜಿಪ್ಟಿನವರು ಎಂಜಿನಿಯರನ್ನು ಸಲಿಗೆಯಿಂದ ಕರೆಯುವುದೇ ಹೀಗೆ, ಆಳನ್ನಲ್ಲ, ವಿದ್ಯೆಯನ್ನೇ ಕೂಗಿ ಕರೆದ ಹಾಗೆ. ಮಾತಿನ ಕೊನೆಗೆ ಅಂಟಿಕೊಂಡು ಬಂದ ಹಬೀಬಿಯನ್ನು ಗಮನಿಸಿದಿರಾ? ಹಗುರ, ಗಿಡ್ಡ, ನಗುವಿನೊಂದಿಗೆ. ನಿಘಂಟಿನಲ್ಲಿ "ನನ್ನ ಪ್ರಿಯನೇ" ಎಂದಿರುತ್ತದೆ. ಇಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ. ಕೈ ಕುಲುಕುವುದರಲ್ಲಿ ಎಷ್ಟು ಪ್ರೀತಿ ಇದೆಯೋ ಅಷ್ಟು. ಉತ್ತರ ಕೊಡದೆ ನೇರ ಕೆಲಸದ ಮಾತಿಗೆ ಇಳಿದರೆ ಮಾತ್ರ ಒರಟಾಗುತ್ತದೆ. ನಾನು ಮನೆಯವರ ಕ್ಷೇಮ ಕೇಳುತ್ತೇನೆ, ಅವರು ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಾರೆ, ನನ್ನ ಮಗಳ ಶಾಲೆ ಕೇಳುತ್ತಾರೆ. ಇಷ್ಟು ಆಗಿಯೇ ಟೇಪು ಬಿಚ್ಚುವುದು.

ಜೊತೆಗೇ ನಡೆಯೋಣ. ಅವರು ಕಂಬಿಯ ಅಂತರ ಅಳೆಯುತ್ತಾರೆ, ಬೈಂಡಿಂಗ್ ತಂತಿ ಎಳೆದು ನೋಡುತ್ತಾರೆ, ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅಲ್ಲಿಂದ ಒಂದು ಮಾತು.

"ಬೊಸ್, ಯಾ ಹಬೀಬಿ."

ಇದನ್ನು ಇಂಗ್ಲಿಷಿನ ಬಾಸ್ ಎಂದು ಕೇಳಿಸಿಕೊಂಡರೆ ಕೆಟ್ಟಿರಿ. ಈಜಿಪ್ಟಿನ ಆಡುಮಾತಿನಲ್ಲಿ "ಬೊಸ್ಸ್" ಎಂದರೆ "ನೋಡು". ಹೊಸದಾಗಿ ಬಂದ ನಮ್ಮ ಹುಡುಗರು ಇದನ್ನು ಮರ್ಯಾದೆಯ ಮಾತೆಂದು ತಿಳಿದು ನಗುತ್ತ ನಿಲ್ಲುತ್ತಾರೆ, ಅವರು ತೋರಿಸಿದ ಕಡೆ ನೋಡುವುದೇ ಇಲ್ಲ. ನೀವು ನೋಡಿ. ಕೆಳಗಿನ ಕಂಬಿಗೂ ಪ್ಲೈವುಡ್ಡಿಗೂ ನಡುವೆ 25 ಮಿಲಿಮೀಟರಿನ ಕವರ್ ಬ್ಲಾಕ್ ಇರಬೇಕು. ಕಂಬದ ಸುತ್ತ ಮೂರು ನಾಲ್ಕು ಕಡೆ ಇಲ್ಲ. ಕಂಬಿ ಪ್ಲೈವುಡ್ಡನ್ನು ತಾಗಿಯೇ ಮಲಗಿದೆ. ಹಾಗೇ ಕಾಂಕ್ರೀಟು ಬಿದ್ದರೆ ಕಂಬಿ ಸ್ಲ್ಯಾಬಿನ ಅಡಿಯಲ್ಲಿ ಬತ್ತಲೆ ಉಳಿಯುತ್ತದೆ. ಈ ಉಪ್ಪುಗಾಳಿಯ ಊರಿನಲ್ಲಿ ಅದು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಿಡಿಸಲು ಬಹಳ ವರ್ಷ ಬೇಡ.

ಫೋರ್‌ಮನ್ ಮುಂದೆ ಬಂದರು. "ಸರ್, ಈಗಲೇ ಹತ್ತು ನಿಮಿಷದಲ್ಲಿ ಹಾಕಿಸುತ್ತೇನೆ, ನೀವು ಸಹಿ..."

"ಹಬೀಬೀ."

ಇಲ್ಲಿ ನಿಲ್ಲಿ. ಇದು ಮೂರನೆಯ ಹಬೀಬಿ. ಈ ಸಲ ಅದು ಮಾತಿನ ಬಾಲದಲ್ಲಿ ಬರಲಿಲ್ಲ, ತಲೆಯಲ್ಲಿ ಬಂತು. ನಡುವಿನ "ಬೀ" ಉದ್ದವಾಯಿತು, ದನಿ ಇಳಿಯಿತು, ಆಮೇಲೆ ಒಂದು ಉಸಿರಿನಷ್ಟು ಮೌನ. ಬಲಗೈಯ ಐದೂ ಬೆರಳ ತುದಿ ಸೇರಿ ಮೊಗ್ಗಿನ ಹಾಗೆ ಮೇಲೆ ಮುಖ ಮಾಡಿ ಮೆಲ್ಲನೆ ಆಡುತ್ತಿದೆ. ತಾಳು ಎಂದರ್ಥ. ನಗು ಮುಖದಲ್ಲೇ ಇದೆ, ಕಣ್ಣಿನಲ್ಲಿಲ್ಲ.

"ಹಬೀಬೀ, ಹತ್ತು ನಿಮಿಷವಲ್ಲ. ಇಡೀ ಸ್ಲ್ಯಾಬು ನೋಡಿ. ಎಂಟೂವರೆಗೆ ಬರುತ್ತೇನೆ."

ಇದು ಎಚ್ಚರಿಕೆ. ಫೋರ್‌ಮನ್ನರಿಗೆ ಗೊತ್ತು, ಮೂವತ್ತು ವರ್ಷದ ಕಿವಿ ಅವರದು. ತುಟಿ ಬಿಗಿದುಕೊಂಡು ತಿರುಗಿದರು. ನನಗೆ ಗೊತ್ತಿರಲಿಲ್ಲ, ಮೊದಲ ವರ್ಷ. ಆಗ ಬೇರೆ ಕಂಪನಿ, ಬೇರೆ ಕಟ್ಟಡ. ಇನ್ಸ್‌ಪೆಕ್ಟರ್ ಒಬ್ಬರು ಇದೇ ರೀತಿ, ಮಾತಿಗೆ ಮೊದಲು, ಎಳೆದು, "ಹಬೀಬೀ, ಇನ್ಶಾಅಲ್ಲಾಹ್ ನೋಡೋಣ" ಎಂದು ಬೆನ್ನು ತಟ್ಟಿ ಹೋದರು. ಪ್ರೀತಿಯಿಂದ ಒಪ್ಪಿದರು ಎಂದುಕೊಂಡು ನಾನು ಗಾಡಿ ಕಳಿಸಲು ಹೇಳಿಬಿಟ್ಟೆ. ಸಹಿ ಬರಲಿಲ್ಲ. ಮೂರು ಗಾಡಿ ಗೇಟಿನ ಹೊರಗೆ ಎರಡು ಗಂಟೆ ಸುತ್ತುತ್ತ ನಿಂತವು. ಥರ್ಮಾಮೀಟರ್ ಇಟ್ಟಾಗ 35 ತೋರಿಸಿತು. ಮೂರನ್ನೂ ವಾಪಸು ಕಳಿಸಬೇಕಾಯಿತು, 27 ಘನ ಮೀಟರ್ ಕಾಂಕ್ರೀಟು ಯಾರ ಕೆಲಸಕ್ಕೂ ಬರಲಿಲ್ಲ. ಆ ಮನುಷ್ಯ ನನಗೆ ಮೋಸ ಮಾಡಲಿಲ್ಲ. ಆಗಲೇ ಬೇಡ ಎಂದು ಹೇಳಿಯಾಗಿತ್ತು, ನನ್ನ ಕಿವಿಗೆ ಅದು ಬೀಳಲಿಲ್ಲ.

ಬೀಳಬೇಕಿತ್ತು. ಯಾಕೆಂದರೆ ನಾನು ಕುಂದಾಪುರದವ. ನಮ್ಮಲ್ಲಿ "ಮಾರಾಯ" ಇದೆಯಲ್ಲ! "ಬಾ ಮಾರಾಯ, ಚಾ ಕುಡಿ" ಎಂದಾಗ ಅದು ಪದದ ಬೆನ್ನಿಗೆ ಒರಗಿ ಕೂತ ಸ್ನೇಹ. "ಮಾರಾಯಾ... ನಾ ಹೇಳಿದ್ದು ಎಂತದು, ನೀ ಮಾಡಿದ್ದು ಎಂತದು?" ಎಂದಾಗ ಎದುರಿನವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಮಾರಾಯ ಮಹಾರಾಜ ಎಂಬುದರಿಂದ ಬಂತೆಂದು ನಾವು ಅರಮನೆ ನೆನೆಯುವುದಿಲ್ಲ. ಅರಬಿಯ ಹಬೀಬಿಯನ್ನು ಪ್ರಿಯ, ಪ್ರೇಮ ಎಂದು ತರ್ಜುಮೆ ಮಾಡಿಕೊಂಡದ್ದೇ ನನ್ನ ತಪ್ಪು. ಮಾರಾಯ ಎಂದುಕೊಂಡಿದ್ದರೆ ಆ ಮೂರು ಗಾಡಿ ಉಳಿಯುತ್ತಿತ್ತು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಹೆಂಗಸರಿಗೆ "ಹಬೀಬ್ತಿ" ಎಂದು ರೂಪ ಬೇರೆ. ಅರಬ್ ಹೆಂಗಸರು ತಮ್ಮತಮ್ಮಲ್ಲಿ ಧಾರಾಳವಾಗಿ ಬಳಸುತ್ತಾರೆ. ಆದರೆ ರೀಲ್ಸ್ ನೋಡಿ ಕಲಿತ ಸಲಿಗೆಯಲ್ಲಿ ಆಫೀಸಿನ ಸಹೋದ್ಯೋಗಿ ಹೆಣ್ಣುಮಗಳಿಗೆ ಗಂಡಸು ಅದನ್ನು ಹೇಳುವುದು ಸಲ್ಲದು. ಅಲ್ಲಿ ನಿಘಂಟಿನ ಅರ್ಥ ತಟ್ಟನೆ ಎದ್ದು ಕೂರುತ್ತದೆ.

ಆರು ಗಂಟೆ. ಕೆಳಗೆ ಕಂಟೇನರಿನ ಸೈಟ್ ಆಫೀಸಿಗೆ ಬನ್ನಿ, ಎ.ಸಿ. ಇದೆ. ಕಾಂಕ್ರೀಟು ಪ್ಲಾಂಟಿಗೆ ಫೋನ್ ಮಾಡಿ ಮೊದಲ ಗಾಡಿಯನ್ನು ಒಂಬತ್ತರಿಂದ ಹತ್ತೂವರೆಗೆ ಮುಂದೂಡಬೇಕು. ಡಿಸ್ಪ್ಯಾಚಿನಲ್ಲಿ ಇರುವವರು ಸಿರಿಯಾದವರು. ಸ್ಪೀಕರಿಗೆ ಹಾಕುತ್ತೇನೆ, ಕೇಳಿ.

"ಹತ್ತೂವರೆಗೆ ಮೊದಲ ಗಾಡಿ ಇಲ್ಲಿರಬೇಕು, ಭಾಯ್."

"ಇನ್ಶಾಅಲ್ಲಾಹ್, ಹಬೀಬಿ, ಇನ್ಶಾಅಲ್ಲಾಹ್."

ಎರಡನೆಯ ಇನ್ಶಾಅಲ್ಲಾಹ್ ಮೊದಲನೆಯದಕ್ಕಿಂತ ತಗ್ಗಿತು, ಮೆತ್ತಗಾಯಿತು. ಹಿಂದಿನಿಂದ ಬೇರೆ ಫೋನಿನ ಸದ್ದು. ಇದು ಆಗುತ್ತದೆ ಎಂಬ ಮಾತಲ್ಲ. ನಮ್ಮ ಕಡೆಯ "ನೋಡುವ". ಮದುವೆಗೆ ಬರ್ತೀರಲ್ಲ ಎಂದರೆ "ನೋಡುವ" ಎಂದವರಿಗೆ ಎಲೆ ಹಾಕುವುದಿಲ್ಲ ನಾವು.

ಆದರೆ ಇಷ್ಟಕ್ಕೇ ಇನ್ಶಾಅಲ್ಲಾಹ್ ಎಂದರೆ ಇಲ್ಲ ಎಂದರ್ಥ ಎಂದು ಹೇಳಿ ನಗುವವರಿದ್ದಾರಲ್ಲ, ಅವರನ್ನು ನಾನು ಒಪ್ಪುವುದಿಲ್ಲ. ನಾಳೆ ಇಂಥದ್ದು ಮಾಡುತ್ತೇನೆ ಎನ್ನುವಾಗ ದೇವರು ಬಯಸಿದರೆ ಎಂದು ಸೇರಿಸಬೇಕೆಂಬುದು ಕುರಾನಿನ ಹದಿನೆಂಟನೆಯ ಅಧ್ಯಾಯದಲ್ಲೇ ಇರುವ ಆದೇಶ. ಖಂಡಿತ ಮಾಡಬೇಕೆಂದಿರುವ ಕೆಲಸಕ್ಕೂ ಅವರು ಅದನ್ನು ಹೇಳಿಯೇ ಹೇಳುತ್ತಾರೆ. ಹಾಗಾಗಿ ಆ ಪದದಿಂದ ಏನೂ ತಿಳಿಯುವುದಿಲ್ಲ. ಅದರ ಪಕ್ಕದಲ್ಲಿ ಏನಿದೆ ಎಂದು ನೋಡಬೇಕು. ಗಂಟೆ ಇದೆಯೇ, ಸಂಖ್ಯೆ ಇದೆಯೇ, ಹೆಸರಿದೆಯೇ? ಬರಿದೇ ಬಂದರೆ ಅದು ಸಭ್ಯತೆಯ ಪರದೆ. ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದು ಅವರಿಗೂ ಕಷ್ಟ, ನಮ್ಮ ಹಾಗೆಯೇ.

ಸಿಟ್ಟಾಗಬಾರದು. "ಖಂಡಿತವಾ?" ಎಂದೂ ಕೇಳಬಾರದು, ದೇವರ ಹೆಸರು ಹೇಳಿದ ಮೇಲೆ ಖಂಡಿತ ಕೇಳಿದರೆ ಅವಮಾನವಾಗುತ್ತದೆ. ಬೇರೆ ಪ್ರಶ್ನೆ ಹಾಕುತ್ತೇನೆ.

"ಗೇಟಿನವರಿಗೆ ಬರೆದುಕೊಡಬೇಕು. ಮೊದಲ ಗಾಡಿಯ ನಂಬರ್ ಹೇಳ್ತೀರಾ?"

ಅತ್ತ ಮೌನ. ಕೀಬೋರ್ಡಿನ ಸದ್ದು. ಯಾರಿಗೋ ಅರಬಿಯಲ್ಲಿ ಏನೋ ಕೇಳುತ್ತಾರೆ. ಮತ್ತೆ ಬಂದ ದನಿ ಬೇರೆಯೇ ಆಗಿದೆ, ಒಣ, ನೇರ.

"ಹತ್ತೂ ಐವತ್ತು. ಗಾಡಿ 41. ಇನ್ಶಾಅಲ್ಲಾಹ್."

ಇದನ್ನು ನಂಬಬಹುದು. ಹಬೀಬಿ ಬಿದ್ದುಹೋಯಿತು, ನಂಬರು ಬಂತು. ಪದ ಅದೇ, ಈಗ ಅದು ನಿಜಕ್ಕೂ ಪ್ರಾರ್ಥನೆ. "ಯಲ್ಲಾ, ಬಾಯ್" ಎಂದು ಇಟ್ಟರು. ಫೋನಿನ ಕೊನೆಯ ಯಲ್ಲಾ ಅವಸರದ್ದಲ್ಲ, ನಮ್ಮ "ಆಯ್ತು, ಇಡ್ತೆ" ಎಂಬುದು. ಅದನ್ನು ಕೇಳಿ ಮಾತು ಮುರಿದರೆಂದು ಬೇಸರಿಸಬೇಕಾಗಿಲ್ಲ.

ಮತ್ತೆ ಮೇಲೆ. ಕತ್ತಲಾಗಿದೆ, ಟವರ್ ಲೈಟುಗಳು ಉರಿಯುತ್ತಿವೆ. ಹುಡುಗರು ಸಾಲಾಗಿ ಕೂತು ಕಬ್ಬಿಣದ ಸಲಾಕೆಯಿಂದ ಜಾಲರಿ ಎತ್ತಿ ಕವರ್ ಬ್ಲಾಕ್ ತೂರಿಸುತ್ತಿದ್ದಾರೆ. ಒಬ್ಬ ಎತ್ತಬೇಕು, ಒಬ್ಬ ತೂರಿಸಬೇಕು, ಮೀಟರಿಗೊಂದು. ಕರೀಂನಗರದವನ ಬನೀನು ಹಿಂಡಿದರೆ ನೀರು ಸುರಿದೀತು.

ಕೆಳಗಿನಿಂದ ಒಂದು ಕೂಗು. "ರಫೀಕ್! ಏ ರಫೀಕ್!"

ರಫೀಕ್ ಎಂದರೆ ಸಂಗಾತಿ. ಸೌದಿಯಲ್ಲಿ "ಸದೀಕ್", ಅಂದರೆ ಗೆಳೆಯ. ಕೇಳಲು ಎಷ್ಟು ಚಂದದ ಪದಗಳು! ಆದರೆ ಕೊಲ್ಲಿಯ ಕಟ್ಟಡಗಳಲ್ಲಿ ಇವನ್ನು ಯಾರು ಯಾರಿಗೆ ಹೇಳುತ್ತಾರೆಂದು ಗಮನಿಸಿ. ಮ್ಯಾನೇಜರಿಗೆ ಯಾರೂ ರಫೀಕ್ ಎನ್ನುವುದಿಲ್ಲ. ಹೆಸರು ಕೇಳುವ ಅಗತ್ಯವೇ ಬೀಳದ ಕೂಲಿಯವನಿಗೆ ಮಾತ್ರ ಈ ಗೆಳೆತನ. ಅರಬ್ಬರು ಪರಸ್ಪರ ಗೌರವಿಸಬೇಕಾದರೆ ಮಗನ ಹೆಸರು ಹಿಡಿದು ಅಬು ಇಂಥವ, ಇಂಥವನ ಅಪ್ಪ ಎಂದು ಕರೆಯುತ್ತಾರೆ. ಮನುಷ್ಯನನ್ನು ಅವನ ಮನೆಯೊಂದಿಗೆ ಸೇರಿಸಿ ಕರೆಯುವ ಅಂಥ ಭಾಷೆಯಲ್ಲಿ ಇವನಿಗೆ ಸಿಕ್ಕಿದ್ದು ಯಾರಿಗೂ ಸಲ್ಲುವ ಒಂದು ಪದ. ಈಗ ಕೂಗಿದವನು ಅರಬನೂ ಅಲ್ಲ, ನಮ್ಮವನೇ, ಸ್ಟೋರಿನ ಹುಡುಗ. ಕಲಿತದ್ದು ಎಷ್ಟು ಬೇಗ ನೋಡಿ. ಕಂಬಿ ಎತ್ತುತ್ತಿದ್ದವನು ತಿರುಗಲಿಲ್ಲ. ಕೇಳಿಸಿತ್ತು. ನಾನು ಇದನ್ನು ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ, ಒಗ್ಗಿಲ್ಲ.

ಎಂಟೂವರೆಗೆ ಸರಿಯಾಗಿ ಇನ್ಸ್‌ಪೆಕ್ಟರ್ ಬಂದರು. ಈ ಸಲ ನಗುವಿಲ್ಲ, ಹಬೀಬಿಯೂ ಇಲ್ಲ. ಹೆದರಬೇಡಿ, ಇದು ಒಳ್ಳೆಯ ಲಕ್ಷಣ, ಮನುಷ್ಯ ಕೆಲಸದಲ್ಲಿದ್ದಾರೆ. ಟಾರ್ಚು ಹಿಡಿದು ಸಾಲು ಸಾಲು ನೋಡಿದರು. ಕಂಬದ ಬಳಿ ಮತ್ತೆ ಕುಕ್ಕರುಗಾಲು. ಬೆರಳು ತೂರಿಸಿ ನೋಡಿದರು. ಎದ್ದರು. ಮಂಡಿಯ ಧೂಳು ಕೊಡವಿದರು. ನನ್ನ ಹೃದಯ ಕುತ್ತಿಗೆಗೆ ಬಂದಿದೆ.

"ಖಲಾಸ್."

ನಿಮ್ಮ ಮೈ ಜುಮ್ಮೆಂದಿತು ಅಲ್ಲವೇ? ಕನ್ನಡದ ಕಿವಿ ಅದು. ನಮ್ಮಲ್ಲಿ "ಅವನ ಕತೆ ಖಲಾಸ್" ಎಂದರೆ ಹೆಣ ಬಿದ್ದ ಹಾಗೆ, ದುಡ್ಡು ಖಲಾಸ್ ಎಂದರೆ ಕಿಸೆ ಬರಿದಾದ ಹಾಗೆ. ಈ ಪದ ಬಹಳ ಹಿಂದೆಯೇ ಅರಬಿಯಿಂದ ಹೊರಟು ನಮ್ಮ ಬಾಯಿಗೆ ಬಂದು ಕ್ರೂರವಾಯಿತು. ಬಾಕಿ, ಖಾಲಿ, ತಾರೀಖು, ತಕರಾರು ಇವುಗಳ ದಾರಿಯೂ ಅದೇ. ತಕರಾರು ಮೂಲದಲ್ಲಿ ಮತ್ತೆ ಮತ್ತೆ ಹೇಳುವುದಷ್ಟೇ, ಜಗಳವಾದದ್ದು ನಮ್ಮ ಕಡೆ. ಹೀಗೆ ಪರಿಚಯವಿರುವ ಪದವೇ ಗೊತ್ತಿಲ್ಲದ್ದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಅರಬಿಯ ಖಲಾಸಿನಲ್ಲಿ ಸಾವಿಲ್ಲ, ಬಿಡುಗಡೆ ಇದೆ. ಅಳುವ ಮಗುವಿನ ಬೆನ್ನು ಸವರುತ್ತ ತಾಯಿ "ಖಲಾಸ್, ಹಬೀಬಿ, ಖಲಾಸ್" ಎನ್ನುತ್ತಾಳೆ. ಸಾಕು, ಆಯಿತು, ಬಿಡು. ಜೋರಾಗಿ ಒಂದೇ ಏಟಿಗೆ ಬಂದರೆ "ಮಾತು ಸಾಕು" ಎಂಬ ಗದರಿಕೆಯೂ ಹೌದು. ಈಗ ಬಂದದ್ದು ಯಾವುದು? ಅವರ ಕೈ ನೋಡಿ, ಪೆನ್ನಿಗಾಗಿ ಜೇಬಿಗೆ ಹೋಗುತ್ತಿದೆ.

ಸಹಿ ಬಿತ್ತು.

ಹತ್ತೂ ಐವತ್ತೈದಕ್ಕೆ ಗಾಡಿ 41 ಗೇಟು ದಾಟಿತು. ಥರ್ಮಾಮೀಟರ್ 30 ತೋರಿಸಿತು. ಪಠಾಣ ಪಂಪು ಎಬ್ಬಿಸಿದ, ಪೈಪು ಹಾವಿನ ಹಾಗೆ ಒದರಿತು, ಬೂದುಬಣ್ಣದ ಕಾಂಕ್ರೀಟು ಕಂಬಿಯ ಮೇಲೆ ದಬದಬನೆ ಬಿತ್ತು. ಆಮೇಲೆ ಐದು ಗಂಟೆ ಹೊತ್ತು ವೈಬ್ರೇಟರಿನ ಸದ್ದಿನಲ್ಲಿ ಯಾವ ಮಾತೂ ಕೇಳುವುದಿಲ್ಲ. ಕೈಸನ್ನೆ, ಮತ್ತು ಆಗಾಗ ಒಂದು ಯಲ್ಲಾ.

ನಾಲ್ಕು ಗಂಟೆಯ ಸುಮಾರಿಗೆ ಹತ್ತಿರದ ಮಸೀದಿಯಿಂದ ಫಜ್ರ್ ಬಾಂಗು ಕೇಳಿಸಿತು. ಕೊನೆಯ ಗಾಡಿ ಖಾಲಿಯಾಗಿದೆ, ಪಠಾಣ ಪೈಪು ತೊಳೆಯುತ್ತಿದ್ದಾನೆ. ನಮಾಜು ಮುಗಿಸಿ ಬಂದ ಇನ್ಸ್‌ಪೆಕ್ಟರ್ ಸಿಮೆಂಟಿನ ಇಟ್ಟಿಗೆಯೊಂದರ ಮೇಲೆ ಕೂತು ಕಾಗದದ ಪೊಟ್ಟಣ ಬಿಚ್ಚುತ್ತಾರೆ. ತಅಮಿಯಾ, ಈಜಿಪ್ಟಿನ ಫಲಾಫೆಲ್. ಕಡಲೆಯದಲ್ಲ, ಅಗಲ ಅವರೆಯಂಥ ಫೂಲ್ ಕಾಳಿನದು, ಒಳಗೆ ಹಸಿರು. ರೊಟ್ಟಿಯನ್ನು ಎರಡು ಮಾಡಿ ಅರ್ಧವನ್ನು ನನ್ನ ಕಡೆ ಚಾಚುತ್ತಾರೆ.

"ಇತ್ಫದ್ದಲ್."

ತಗೊಳ್ಳಿ ಎಂದರ್ಥ. ಮೊದಲ ಸಲಕ್ಕೆ ಕೈ ಚಾಚಬಾರದು. ಎದುರಿಗೆ ಉಣ್ಣುವವನು ಪಕ್ಕದವನಿಗೆ ಹೇಳಲೇಬೇಕಾದ ಮಾತು ಅದು, ನಮ್ಮಲ್ಲಿ "ಬನ್ನಿ, ಊಟ ಮಾಡುವ" ಎಂದಂತೆ. ನಾನು ಎದೆಗೆ ಅಂಗೈ ಇಟ್ಟು "ಶುಕ್ರನ್" ಎನ್ನುತ್ತೇನೆ, ಬೇಡ ಎಂಬ ಸನ್ನೆ. ಅವರು ಮತ್ತೊಮ್ಮೆ ಇತ್ಫದ್ದಲ್ ಎನ್ನುತ್ತಾರೆ. ನಾನು ಮತ್ತೆ ಎದೆ ಮುಟ್ಟುತ್ತೇನೆ.

"ವಲ್ಲಾಹಿ!"

ಆಣೆ ಇಟ್ಟರು. ಇನ್ನು ಇದು ಶಿಷ್ಟಾಚಾರ ಅಲ್ಲ. ಈಗ ಬೇಡವೆಂದರೆ ಅವರ ಆಣೆಯನ್ನು ಸುಳ್ಳು ಮಾಡಿದಂತೆ. ಕೈಯೊಡ್ಡಿ ತಗೊಳ್ಳುತ್ತೇನೆ, ಬಿಸಿ ಇನ್ನೂ ಇದೆ. ಮೆಟ್ಟಿಲ ಬಳಿ ಬೂಟು ಕಳಚುತ್ತಿರುವ ಕರೀಂನಗರದವನನ್ನು ಅವರು ನೋಡುತ್ತಾರೆ. ತಮ್ಮ ಪಾಲಿನ ಅರ್ಧವನ್ನು ಮತ್ತೆ ಎರಡು ಮಾಡುತ್ತಾರೆ. ನನ್ನ ಕಡೆ ಬಾಗಿ ಮೆಲ್ಲನೆ ಕೇಳುತ್ತಾರೆ, "ಅವನ ಹೆಸರೇನು?"

ಹೇಳುತ್ತೇನೆ. ಆ ಹೆಸರು ಅವರ ನಾಲಿಗೆಗೆ ಒಗ್ಗುವುದಿಲ್ಲ, ಎರಡು ಸಲ ತಪ್ಪುತ್ತದೆ. ಮೂರನೆಯ ಸಲ ಹತ್ತಿರ ಹತ್ತಿರ ಬರುತ್ತದೆ. ಹುಡುಗ ತಿರುಗಿ ನೋಡುತ್ತಾನೆ.

"ಯಲ್ಲಾ," ಎನ್ನುತ್ತಾರೆ ಅವರು, ರೊಟ್ಟಿ ಚಾಚಿ, ದೀರ್ಘವನ್ನು ಎಳೆದು. "ಯಲ್ಲಾ, ಕುಲ್."

ಕುಲ್ ಎಂದರೆ ತಿನ್ನು.